ಬೀಗ ಹಾಕಿದವನು ಸತ್ತರೆ ತೆಗೆಯುವವರು ಯಾರು?

ಕೊಡಗಿನಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ ಹೇಳಿದರೆ ಯಾರಿಗೂ ಸಮಾಧಾನವಾಗುವುದಿಲ್ಲ ಎಂಬುದು ಇಲ್ಲಿ ಕುಳಿತಿರುವ ನಿಮಗೆಲ್ಲ ಗೊತ್ತಿದೆ. ನಮಗೆ ಇಂಚು ಬೇಕು, ಸೆಂಟು ಬೇಕು. ನೂರು ಸೆಂಟಿಗೆ ಒಂದು ಇಂಚು. ತೋಟದ ರೈಟರು ಬೆಳಿಗ್ಗೆ ಮಳೆಮಾಪಕ ನೋಡಿ ಪುಸ್ತಕದಲ್ಲಿ ಬರೆಯುವುದು ಹಾಗೆಯೇ, ಜನವರಿ 1ರಿಂದ ಆ ದಿನದವರೆಗಿನ ಒಟ್ಟು ಮೊತ್ತವನ್ನು ಪಕ್ಕದ ಕಾಲಮ್ಮಿನಲ್ಲಿ ಕೂಡಿಡುವುದೂ ಹಾಗೆಯೇ. ನಾನು ಕಂಪ್ಯೂಟರ್ ನೋಡಿಕೊಳ್ಳುವ ಬೆಳೆಗಾರರ ಸಣ್ಣ ಗುಂಪೊಂದರಲ್ಲಿ ಈ ಪುಸ್ತಕದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದೆವು. 40 ತೋಟಗಳ ಮಳೆಮಾಪಕಗಳಿಂದ ಅಳತೆಯ ಚೀಟಿಗಳು ಒಂದು ಫೋಲ್ಡರಿಗೆ ಬಂದು ಬೀಳುತ್ತವೆ. ಹತ್ತು ನಿಮಿಷಕ್ಕೊಮ್ಮೆ ಒಂದು ಸ್ಕ್ರಿಪ್ಟು ಎದ್ದು, ಹೊಸ ಚೀಟಿಗಳನ್ನು ಓದಿ, ಆಯಾ ತೋಟದ ಒಟ್ಟು ಮೊತ್ತಕ್ಕೆ ಕೂಡಿಸಿ, ಬೆಳೆಗಾರರಿಗೆ ಎಸ್ಎಂಎಸ್ ಕಳುಹಿಸಿ, ಕೊನೆಯಲ್ಲಿ ಚೀಟಿಗಳನ್ನು ‘ಮುಗಿದವು’ ಎಂಬ ಇನ್ನೊಂದು ಫೋಲ್ಡರಿಗೆ ಸಾಗಿಸುತ್ತದೆ. ಕ್ರಾನ್‌ನಲ್ಲಿ ಇದ್ದದ್ದು ಈ ಒಂದು ಸಾಲು.

```
*/10 * * * * /opt/male/lekka.sh
```

ಬೇಸಿಗೆಯಲ್ಲಿ ಈ ಕೆಲಸ ಎರಡು ಮೂರು ನಿಮಿಷಕ್ಕೆ ಮುಗಿಯುತ್ತಿತ್ತು. ಜುಲೈ ಬಂತು, ಇಂಟರ್ನೆಟ್ ಸಂಪರ್ಕ ತೆವಳತೊಡಗಿತು. ಒಂದು ಬೆಳಿಗ್ಗೆ 6:10ಕ್ಕೆ ಶುರುವಾದ ಓಟ 6:24ರವರೆಗೂ ಮುಗಿಯಲಿಲ್ಲ. ನಡುವೆ 6:20 ಆದಾಗ ಕ್ರಾನ್ ಎರಡನೆಯದನ್ನು ಎಬ್ಬಿಸಿತು. ಅದು ಫೋಲ್ಡರು ನೋಡಿದಾಗ ಚೀಟಿಗಳೆಲ್ಲ ಇನ್ನೂ ಅಲ್ಲೇ ಇದ್ದವು, ಏಕೆಂದರೆ ಮೊದಲನೆಯದು ಅವನ್ನು ಸಾಗಿಸುವುದು ಎಲ್ಲ ಮುಗಿದ ಮೇಲೆ. ಹೀಗಾಗಿ 27ನೆಯ ತೋಟದ 2 ಇಂಚು 40 ಸೆಂಟು ಮೊತ್ತಕ್ಕೆ ಎರಡು ಸಲ ಕೂಡಿ 4 ಇಂಚು 80 ಸೆಂಟಾಯಿತು, ಎಸ್ಎಂಎಸ್ಸೂ ಎರಡು ಸಲ ಹೋಯಿತು. ತಪ್ಪು ನನಗೆ ತಿಳಿದದ್ದು ಲಾಗ್ ನೋಡಿ ಅಲ್ಲ. ಏಳು ಗಂಟೆಗೆ ಹಿರಿಯ ಬೆಳೆಗಾರರೊಬ್ಬರು ಫೋನ್ ಮಾಡಿ, “ಏನಪ್ಪಾ, ರಾತ್ರಿ ನಮ್ಮ ತೋಟಕ್ಕೆ ಮಾತ್ರ ಎರಡು ಸಲ ಮಳೆ ಬಂತಾ?” ಎಂದು ಕೇಳಿದರು.

ಇಲ್ಲಿ ಕ್ರಾನ್‌ನ ತಪ್ಪು ಏನೂ ಇಲ್ಲ. ಅದು ಗಡಿಯಾರ ನೋಡಿ ಗಂಟೆ ಬಾರಿಸುವ ಆಳು. ಹಿಂದೆ ಕಳುಹಿಸಿದವನು ಮರಳಿ ಬಂದನೋ ಇಲ್ಲವೋ ಎಂದು ವಿಚಾರಿಸುವುದು ಅದರ ಕೆಲಸದಲ್ಲಿ ಸೇರಿಲ್ಲ. ಆ ವಿಚಾರಣೆಯನ್ನು ನಾವೇ ಮಾಡಿಕೊಳ್ಳಬೇಕು. ಅದಕ್ಕೆ ಎಲ್ಲರಿಗೂ ಮೊದಲು ಹೊಳೆಯುವ ಉಪಾಯವೇ ನನಗೂ ಹೊಳೆಯಿತು. ಸ್ಕ್ರಿಪ್ಟು ಶುರುವಾದಾಗ ಒಂದು ಫೈಲು ಇದೆಯೇ ಎಂದು ನೋಡುವುದು. ಇದ್ದರೆ ಹಿಂದಿರುಗುವುದು, ಇಲ್ಲದಿದ್ದರೆ ಫೈಲನ್ನು ತಾನೇ ಇಟ್ಟು ಕೆಲಸ ಮಾಡಿ, ಮುಗಿದ ಮೇಲೆ ಅಳಿಸುವುದು.

```
[ -e /var/lib/male/busy ] && exit 0
touch /var/lib/male/busy
# ... ಕೆಲಸ ...
rm /var/lib/male/busy
```

ಈ ನಾಲ್ಕು ಸಾಲಿನಲ್ಲಿ ಎರಡು ದೋಷಗಳಿವೆ. ಪುಸ್ತಕಗಳು ಹೆಚ್ಚಾಗಿ ಹೇಳುವುದು ಮೊದಲನೆಯದನ್ನು: ನೋಡುವುದು ಒಂದು ಹೆಜ್ಜೆ, ಇಡುವುದು ಇನ್ನೊಂದು ಹೆಜ್ಜೆ, ಆ ಎರಡರ ನಡುವಿನ ಸಂದಿನಲ್ಲಿ ಬೇರೊಬ್ಬನೂ ನೋಡಿ, ‘ಇಲ್ಲ’ ಎಂದು ತಿಳಿದು, ಒಳಗೆ ಬರಬಹುದು. ಇದು ನಿಜ. `touch`ನ ಬದಲು `mkdir` ಬಳಸಿ, ಅದು ಸೋತರೆ ಹಿಂದಿರುಗುವಂತೆ ಬರೆದರೆ ಈ ಸಂದು ಮುಚ್ಚುತ್ತದೆ, ಏಕೆಂದರೆ ಆಗಲೇ ಇರುವ ಡೈರೆಕ್ಟರಿಯನ್ನು ಮತ್ತೆ ಮಾಡಲು ಹೋದರೆ ಅದು ಸೋಲುತ್ತದೆ. ಇಬ್ಬರು ಒಟ್ಟಿಗೆ ಪ್ರಯತ್ನಿಸಿದರೆ ಗೆಲ್ಲುವವನು ಒಬ್ಬನೇ. ಆದರೆ ನಮ್ಮಂತೆ ಹತ್ತು ನಿಮಿಷದ ಅಂತರದಲ್ಲಿ ಏಳುವ ಓಟಗಳಿಗೆ ಮಿಲಿಸೆಕೆಂಡುಗಳ ಆ ಸಂದು ದೊಡ್ಡ ಶತ್ರುವಲ್ಲ. ನಮ್ಮನ್ನು ಕೆಡವಿದ್ದು ಎರಡನೆಯ ದೋಷ, ಮತ್ತು ಅದನ್ನು `mkdir` ಕೂಡ ಸರಿಪಡಿಸುವುದಿಲ್ಲ.

ಒಂದು ಶುಕ್ರವಾರ ರಾತ್ರಿ ಗಾಳಿಗೆ ಮರ ಬಿದ್ದು ಲೈನು ಹೋಯಿತು. ಯುಪಿಎಸ್ ತನ್ನ ಪಾಲಿನಷ್ಟು ಹೊತ್ತು ಎಳೆದು ಸುಮ್ಮನಾಯಿತು. ಯಂತ್ರ ನಿಂತದ್ದು ಓಟದ ನಡುವೆ. ಬೆಳಿಗ್ಗೆ ಕರೆಂಟು ಬಂದು ಯಂತ್ರ ತಾನೇ ಎದ್ದಿತು, ಕ್ರಾನ್ ಎದ್ದಿತು, ಹತ್ತು ನಿಮಿಷಕ್ಕೊಮ್ಮೆ ಸ್ಕ್ರಿಪ್ಟೂ ಎದ್ದಿತು; ಪ್ರತಿ ಸಲವೂ `busy` ಫೈಲು ಇರುವುದನ್ನು ನೋಡಿ ವಿನಯದಿಂದ ಹಿಂದಿರುಗಿತು. ಅಳಿಸಬೇಕಾಗಿದ್ದ ಓಟ ರಾತ್ರಿಯೇ ಸತ್ತಿತ್ತು, ಬೀಗ ಮಾತ್ರ ಉಳಿದಿತ್ತು. ಸೋಮವಾರ ಮಧ್ಯಾಹ್ನದವರೆಗೆ, ಅಂದರೆ ಎರಡೂವರೆ ದಿನ, ಒಂದು ಸೆಂಟೂ ಲೆಕ್ಕಕ್ಕೆ ಸೇರಲಿಲ್ಲ, ಒಂದು ದೂರೂ ಬರಲಿಲ್ಲ. ಎಸ್ಎಂಎಸ್ ಎರಡು ಸಲ ಬಂದರೆ ಜನ ಫೋನ್ ಮಾಡುತ್ತಾರೆ. ಬಾರದಿದ್ದರೆ ಟವರು ಹೋಗಿರಬೇಕು ಎಂದುಕೊಳ್ಳುತ್ತಾರೆ.

ಸ್ಕ್ರಿಪ್ಟು ಹೇಗೆ ಸತ್ತರೂ ಫೈಲು ಅಳಿಯುವಂತೆ `trap` ಹಾಕಬಹುದಲ್ಲ ಎಂದು ನಿಮ್ಮಲ್ಲಿ ಕೆಲವರು ಈಗ ಯೋಚಿಸುತ್ತಿರಬಹುದು. `trap` ಎಂದರೆ ಸಾಯುವ ಮುನ್ನ ಒಂದು ಮಾತು ಹೇಳಲು ಸಿಗುವ ಅವಕಾಶ. `kill -9` ಆ ಅವಕಾಶವನ್ನು ಕೊಡುವುದಿಲ್ಲ, ಮೆಮೊರಿ ಸಾಲದೆ ಕರ್ನಲ್ ಕೊಂದಾಗಲೂ ಸಿಗುವುದಿಲ್ಲ, ಕರೆಂಟು ಹೋದಾಗಂತೂ ಕೇಳುವುದೇ ಬೇಡ. ಹಾಗಾದರೆ ಫೈಲಿನೊಳಗೆ ಪ್ರೊಸೆಸ್ ಸಂಖ್ಯೆ ಬರೆದಿಟ್ಟು, ಮುಂದಿನ ಓಟ ಆ ಸಂಖ್ಯೆಯವನು ಬದುಕಿದ್ದಾನೆಯೇ ಎಂದು `kill -0`ನಿಂದ ಪರೀಕ್ಷಿಸಲಿ ಎಂಬುದು ಮುಂದಿನ ಸಲಹೆ. ಅದನ್ನೂ ಮಾಡಿದೆ. ಆಗಸ್ಟಿನಲ್ಲಿ ಮತ್ತೆ ಕರೆಂಟು ಹೋಯಿತು; ಫೈಲಿನಲ್ಲಿ ಉಳಿದಿದ್ದ ಸಂಖ್ಯೆ 1193. ಯಂತ್ರ ಎದ್ದ ಮೇಲೆ 1193 ಎಂಬ ಸಂಖ್ಯೆ ಪ್ರಿಂಟರ್ ಸೇವೆಗೆ ಸಿಕ್ಕಿತ್ತು. ಸ್ಕ್ರಿಪ್ಟು ಕೇಳಿತು, ‘1193 ಬದುಕಿದ್ದಾನೆಯೇ?’ ಉತ್ತರ ಬಂತು, ‘ಬದುಕಿದ್ದಾನೆ’. ಯಂತ್ರ ಏಳುವಾಗ ಸೇವೆಗಳು ಸುಮಾರಾಗಿ ಒಂದೇ ಅನುಕ್ರಮದಲ್ಲಿ, ಸಣ್ಣ ಸಂಖ್ಯೆಗಳಿಂದ ಶುರುವಾಗುವುದರಿಂದ ಇಂಥ ಆಕಸ್ಮಿಕ ನಾವು ಎಣಿಸಿದಷ್ಟು ಅಪರೂಪವಲ್ಲ.

ಆದ್ದರಿಂದ ಬೀಗವನ್ನು ಹೇಗೆ ಹಾಕುವುದು ಎಂಬುದಕ್ಕಿಂತ, ಹಾಕಿದವನು ಸತ್ತರೆ ಅದನ್ನು ತೆಗೆಯುವವರು ಯಾರು ಎಂಬುದೇ ಕೇಳಬೇಕಾದ ಪ್ರಶ್ನೆ. ಒಂದೇ ಯಂತ್ರದೊಳಗಿನ ಮಾತಾದರೆ ಇದಕ್ಕೆ ಒಳ್ಳೆಯ ಉತ್ತರವಿದೆ: ತೆಗೆಯುವುದು ಕರ್ನಲ್. ಪ್ರೊಸೆಸ್ ಸತ್ತಾಗ ಅದು ತೆರೆದಿಟ್ಟ ಫೈಲುಗಳನ್ನೆಲ್ಲ ಕರ್ನಲ್ ಮುಚ್ಚುತ್ತದೆ. ಬೀಗವು ಆ ತೆರೆದ ಫೈಲಿಗೆ ಅಂಟಿಕೊಂಡಿದ್ದರೆ ಅದೂ ಜೊತೆಗೆ ಬಿಡುತ್ತದೆ. ಲಿನಕ್ಸ್‌ನಲ್ಲಿ `flock` ಮಾಡುವುದು ಇದನ್ನೇ, ಮತ್ತು ಅದು util-linux ಎಂಬ ಮೂಲ ಪ್ಯಾಕೇಜಿನ ಭಾಗವಾದ್ದರಿಂದ ಬಹುತೇಕ ಯಂತ್ರಗಳಲ್ಲಿ ಆಗಲೇ ಇರುತ್ತದೆ. ನಮ್ಮ ಕ್ರಾನ್ ಸಾಲು ಹೀಗಾಯಿತು.

```
*/10 * * * * flock -n -E 75 /var/lib/male/lekka.lock timeout -k 30 25m /opt/male/lekka.sh
```

ಇದರಲ್ಲಿ `lekka.lock` ಎಂಬ ಫೈಲು ಖಾಲಿ, ಯಾವಾಗಲೂ ಅಲ್ಲೇ ಇರುತ್ತದೆ. ಫೈಲು ಇರುವುದು ಬೀಗವಲ್ಲ. ಅದು ಬಾಗಿಲಿಗೆ ಹೊಡೆದ ಚಿಲಕ ಮಾತ್ರ. ಬೀಗ ಇರುವುದು ಕರ್ನಲ್‌ನ ನೆನಪಿನಲ್ಲಿ. ಕರೆಂಟು ಹೋದರೆ ಆ ನೆನಪೇ ಹೋಗುತ್ತದೆ, ಯಂತ್ರ ಎದ್ದಾಗ ಬೀಗವಿಲ್ಲದ ಚಿಲಕ ಉಳಿದಿರುತ್ತದೆ, ಮೊದಲ ಓಟ ಅಡ್ಡಿಯಿಲ್ಲದೆ ಒಳಗೆ ಹೋಗುತ್ತದೆ. `-n` ಎಂದರೆ ಬೀಗ ಸಿಗದಿದ್ದರೆ ಕಾಯದೆ ಹಿಂದಿರುಗು ಎಂದು. ಇದನ್ನು ಮರೆತರೆ 6:20ರದ್ದು, 6:30ರದ್ದು, 6:40ರದ್ದು ಎಲ್ಲವೂ ಬಾಗಿಲ ಮುಂದೆ ಸಾಲಾಗಿ ನಿಲ್ಲುತ್ತವೆ. ನಿಧಾನವಾದ ಬೆಳಿಗ್ಗೆಯ ಕೊನೆಗೆ ಅವೆಲ್ಲ ಒಂದರ ಹಿಂದೆ ಒಂದು ನುಗ್ಗುತ್ತವೆ. ಬೀಗ ಸಿಗದಾಗ `flock` ಸಾಮಾನ್ಯವಾಗಿ ಹಿಂದಿರುಗಿಸುವ ಸಂಖ್ಯೆ 1. ಆದರೆ ಸ್ಕ್ರಿಪ್ಟು ತಾನೇ ಎಡವಿ ಬಿದ್ದರೂ ಬಹುಪಾಲು 1 ಎಂದೇ ಹೇಳುವುದರಿಂದ, ‘ಬೇರೊಬ್ಬನು ಮಾಡುತ್ತಿದ್ದಾನೆ, ಬಿಟ್ಟೆ’ ಎಂಬುದನ್ನೂ ‘ಮಾಡಲು ಹೋಗಿ ಕೆಟ್ಟಿತು’ ಎಂಬುದನ್ನೂ ಬೇರೆಬೇರೆಯಾಗಿ ತಿಳಿಯಲು `-E 75` ಹಾಕಿದ್ದೇನೆ. ‘ಸದ್ಯಕ್ಕಾಗದು, ಆಮೇಲೆ ಪ್ರಯತ್ನಿಸು’ ಎಂಬ ಅರ್ಥಕ್ಕೆ 75 ಯೂನಿಕ್ಸ್‌ನಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಸಂಖ್ಯೆ.

ಒಳಗಿನ `timeout` ಏಕೆ ಎಂದರೆ, ಕರ್ನಲ್ ಬೀಗ ಬಿಡಿಸುವುದು ಸತ್ತವನದ್ದು ಮಾತ್ರ. ಸಾಯದೆ, ಮುಗಿಸದೆ, ಬಾರದ ಉತ್ತರಕ್ಕೆ ಕಾಯುತ್ತ ಕುಳಿತವನದ್ದು ಬಿಡಿಸುವುದಿಲ್ಲ. ಎಸ್ಎಂಎಸ್ ಕಂಪನಿಯ ಸರ್ವರಿಗೆ ಕರೆ ಹೋಗಿ, ನಡುವೆ ಸಂಪರ್ಕ ಕಡಿದರೆ ಸ್ಕ್ರಿಪ್ಟು ಗಂಟೆಗಟ್ಟಲೆ ಹಾಗೆಯೇ ಇರಬಲ್ಲದು. ಆಗ ನಾವು ಮತ್ತೆ ಆ ಶುಕ್ರವಾರಕ್ಕೇ ಮರಳಿದಂತಾಗುತ್ತದೆ. 25 ನಿಮಿಷಕ್ಕೆ ಮೊದಲ ಎಚ್ಚರಿಕೆ, ಅದಕ್ಕೂ ಬಗ್ಗದಿದ್ದರೆ 30 ಸೆಕೆಂಡು ಬಿಟ್ಟು ಕೊಲ್ಲುವುದು. 25 ಎಂಬುದು ನಾವು ಕಂಡ ಅತಿ ನಿಧಾನದ ಓಟ 14 ನಿಮಿಷದ್ದಾಗಿತ್ತು ಎಂಬುದರಿಂದ ಬಂದ ಸಂಖ್ಯೆ. ಅದರಲ್ಲಿ ಬೇರೆ ಶಾಸ್ತ್ರವೇನೂ ಇಲ್ಲ.

ಚಿಲಕದ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ಕೆಲಸ ಮುಗಿದ ಮೇಲೆ ಬೀಗದ ಫೈಲನ್ನು ಅಳಿಸಬೇಡಿ. ಚೊಕ್ಕಟವಾಗಿರಲಿ ಎಂದು ನಮ್ಮ ಹುಡುಗನೊಬ್ಬ ಸ್ಕ್ರಿಪ್ಟಿನ ಕೊನೆಗೆ `rm` ಸೇರಿಸಿದ್ದ. ಆಗ ಏನಾಗುತ್ತದೆ ನೋಡಿ. ಮೊದಲನೆಯ ಓಟ ಫೈಲನ್ನು ತೆರೆದು ಬೀಗ ಹಿಡಿದಿದೆ. ಕೈಯಿಂದ ಓಡಿಸಿದ ಎರಡನೆಯದು ಅದೇ ಫೈಲನ್ನು ತೆರೆದು, `-n` ಇಲ್ಲದೆ, ಕಾಯುತ್ತಿದೆ. ಮೊದಲನೆಯದು ಫೈಲನ್ನು ಅಳಿಸಿ ಹೊರಟುಹೋಗುತ್ತದೆ. ಎರಡನೆಯದಕ್ಕೆ ಬೀಗ ಸಿಗುತ್ತದೆ, ಆದರೆ ಅದು ಹಿಡಿದಿರುವುದು ಹೆಸರಿಲ್ಲದ, ಅಳಿಸಿಹೋದ ಫೈಲನ್ನು. ಅಷ್ಟರಲ್ಲಿ ಕ್ರಾನ್ ಎಬ್ಬಿಸಿದ ಮೂರನೆಯದು ಅದೇ ಹೆಸರಿನಲ್ಲಿ ಹೊಸ ಫೈಲು ಮಾಡಿ ಅದಕ್ಕೆ ಬೀಗ ಹಾಕುತ್ತದೆ. ಇಬ್ಬರ ಕೈಯಲ್ಲೂ ಬೀಗವಿದೆ, ಇಬ್ಬರೂ ಸತ್ಯವಂತರು, ಬಾಗಿಲುಗಳು ಮಾತ್ರ ಎರಡು. ಬೀಗದ ಫೈಲನ್ನು `/tmp`ಯಲ್ಲಿ ಇಡಬಾರದು ಎಂದು ಹೇಳುವುದೂ ಇದೇ ಕಾರಣಕ್ಕೆ: ಹಳೆಯ ಫೈಲುಗಳನ್ನು ಗುಡಿಸುವ ಕಾರ್ಯಕ್ರಮಗಳು ಅಲ್ಲಿ ಓಡಾಡುತ್ತಿರುತ್ತವೆ.

ಇನ್ನೊಂದು ಸಲ ಇದರ ತಿರುವುಮುರುವಾಯಿತು: ಓಟ ಮುಗಿದಿತ್ತು, `ps`ನಲ್ಲಿ ಸ್ಕ್ರಿಪ್ಟಿನ ಸುಳಿವಿಲ್ಲ, ಆದರೂ ಪ್ರತಿ ಹೊಸ ಓಟ 75 ಎಂದು ಹಿಂದಿರುಗುತ್ತಿತ್ತು. ತೆರೆದ ಫೈಲು ಹುಟ್ಟಿದ ಮಕ್ಕಳಿಗೂ ಬಳುವಳಿಯಾಗಿ ಹೋಗುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಸ್ಕ್ರಿಪ್ಟು ಡಾಂಗಲ್ ಸಂಪರ್ಕವನ್ನು ಜೀವಂತವಾಗಿಡುವ ಸಣ್ಣ ಕಾರ್ಯಕ್ರಮವೊಂದನ್ನು `&` ಹಾಕಿ ಹಿನ್ನೆಲೆಯಲ್ಲಿ ಬಿಟ್ಟುಹೋಗುತ್ತಿತ್ತು. ತಂದೆ ಸತ್ತರೂ ಮಗ ಬೀಗದ ಕೈ ಹಿಡಿದೇ ಇದ್ದ. ಕಂಡುಹಿಡಿಯುವುದು ಸುಲಭ: `fuser -v /var/lib/male/lekka.lock` ಎಂದರೆ ಆ ಫೈಲನ್ನು ಯಾರು ತೆರೆದಿದ್ದಾರೆಂದು ಹೆಸರು ಸಮೇತ ತೋರಿಸುತ್ತದೆ. `flock`ಗೆ `-o` ಕೊಟ್ಟರೆ ಅದು ಬೀಗವನ್ನು ತಾನೇ ಹಿಡಿದುಕೊಂಡು ಮಕ್ಕಳಿಗೆ ಕೊಡುವುದಿಲ್ಲ. ಅದಕ್ಕೂ ಬೆಲೆ ಇದೆ. ಯಾರಾದರೂ `flock` ಒಂದನ್ನೇ ಕೊಂದರೆ ಬೀಗ ಬಿಟ್ಟುಹೋಗಿ, ಸ್ಕ್ರಿಪ್ಟು ಮಾತ್ರ ಓಡುತ್ತಲೇ ಇರುತ್ತದೆ. ನಾನು `-o` ಬಳಸಲಿಲ್ಲ, ಆ ಸಣ್ಣ ಕಾರ್ಯಕ್ರಮವನ್ನು ಸ್ಕ್ರಿಪ್ಟಿನಿಂದ ಹೊರಗೆ ತೆಗೆದು ಪ್ರತ್ಯೇಕ ಸೇವೆಯಾಗಿ ಮಾಡಿದೆ.

ಸಿಸ್ಟಂಡಿ ಟೈಮರ್ ಬಳಸಿದರೆ ಇದೆಲ್ಲ ಬೇಕೇ ಎಂದು ಮುಂದಿನ ಸಾಲಿನಿಂದ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಟೈಮರ್ ಎಬ್ಬಿಸುವ ಸೇವೆ ಆಗಲೇ ಓಡುತ್ತಿದ್ದರೆ ಸಿಸ್ಟಂಡಿ ಅದರ ಎರಡನೆಯ ಪ್ರತಿಯನ್ನು ಶುರುಮಾಡುವುದಿಲ್ಲ. ಅಷ್ಟರ ಮಟ್ಟಿಗೆ ಕ್ರಾನ್‌ಗಿಂತ ಅದು ವಾಸಿ. ಆದರೆ ಫೋನ್ ಬಂದ ಗಡಿಬಿಡಿಯಲ್ಲಿ ನಾವು `systemctl start` ಎನ್ನುವುದಿಲ್ಲ, ನೇರವಾಗಿ `/opt/male/lekka.sh` ಎಂದು ಟೈಪ್ ಮಾಡಿ ಎಂಟರ್ ಒತ್ತುತ್ತೇವೆ, ಅದು ಸಿಸ್ಟಂಡಿಗೆ ಗೊತ್ತೇ ಆಗುವುದಿಲ್ಲ. ಅದಕ್ಕಾಗಿ ಬೀಗ ಸ್ಕ್ರಿಪ್ಟಿನ ಒಳಗೇ ಇರುವುದು ಉತ್ತಮ. ಮೊದಲ ಎರಡು ಸಾಲಿನಲ್ಲಿ ಹೀಗೆ ಬರೆದರೆ ಯಾವ ಬಾಗಿಲಿನಿಂದ ಬಂದವನಿಗೂ ನಿಯಮ ಒಂದೇ. ಆಗ ಕ್ರಾನ್ ಸಾಲಿನಲ್ಲಿ `timeout` ಮಾತ್ರ ಉಳಿಸಿಕೊಳ್ಳಿ. ಅಲ್ಲಿಯೂ ಅದೇ ಫೈಲಿಗೆ ಬೀಗ ಹಾಕಿದರೆ ಸ್ಕ್ರಿಪ್ಟು ತನಗೆ ತಾನೇ ಅಡ್ಡ ನಿಲ್ಲುತ್ತದೆ.

```
exec 9>>/var/lib/male/lekka.lock
flock -n 9 || exit 75
```

ಜೊತೆಗೆ, ಓಟ ಯಶಸ್ವಿಯಾಗಿ ಮುಗಿದಾಗ `last-ok` ಎಂಬ ಫೈಲನ್ನು `touch` ಮಾಡಿ, ಅದು 40 ನಿಮಿಷಕ್ಕಿಂತ ಹಳೆಯದಾದರೆ ನನ್ನ ಫೋನಿಗೆ ಸಂದೇಶ ಬರುವಂತೆ ಇಟ್ಟುಕೊಂಡೆ. ಎರಡೂವರೆ ದಿನದ ಮೌನವನ್ನು ಬೀಗ ಹಿಡಿದುಕೊಡುವುದಿಲ್ಲ, ಇದು ಹಿಡಿದುಕೊಡುತ್ತದೆ.

ಒಂದು ಯಂತ್ರದ ಕಥೆ ಇಷ್ಟೇ. ನಮ್ಮ ಕಷ್ಟ ಮುಂದುವರಿದದ್ದು ಎರಡನೆಯ ಯಂತ್ರ ಬಂದ ಮೇಲೆ. ಮಡಿಕೇರಿಯಲ್ಲಿ ಕರೆಂಟು ಹೋದಾಗಲೂ ಲೆಕ್ಕ ನಿಲ್ಲಬಾರದೆಂದು ಕುಶಾಲನಗರದಲ್ಲಿ ಇನ್ನೊಂದು ಯಂತ್ರ ಇಟ್ಟೆವು. ಇಲ್ಲಿಯ ಕರ್ನಲ್‌ನ ನೆನಪಿನಲ್ಲಿರುವ ಬೀಗ ಅಲ್ಲಿಯ ಕರ್ನಲ್‌ಗೆ ಕಾಣುವುದಿಲ್ಲ. ಚೀಟಿಗಳೂ ಡೇಟಾಬೇಸೂ ಇರುವುದು ಬಾಡಿಗೆಗೆ ತೆಗೆದುಕೊಂಡ ಮೂರನೆಯ ಯಂತ್ರವೊಂದರಲ್ಲಿ. ಬೀಗವನ್ನೂ ಅಲ್ಲಿಯೇ ಇಡೋಣ ಎನ್ನಿಸುತ್ತದೆ. ಆದರೆ ನಮ್ಮ ಹಳೆಯ ಪ್ರಶ್ನೆ ಮತ್ತೆ ಏಳುತ್ತದೆ: ಮಡಿಕೇರಿಯ ಯಂತ್ರ ಬೀಗ ಹಿಡಿದು ಮೌನವಾದರೆ, ಅದು ಸತ್ತಿದೆಯೋ ಅಥವಾ ನಡುವಿನ ತಂತಿ ಕಡಿದಿದೆಯೋ ಎಂದು ಮೂರನೆಯ ಯಂತ್ರಕ್ಕೆ ತಿಳಿಯುವ ದಾರಿಯೇ ಇಲ್ಲ. ದೂರದಿಂದ ನೋಡುವವರಿಗೆ ಸಾವೂ ಮೌನವೂ ಒಂದೇ ತೆರನಾಗಿ ಕಾಣುತ್ತವೆ.

ಇಲ್ಲಿ ಬೀಗದ ಬದಲು ಗುತ್ತಿಗೆ ಬರುತ್ತದೆ. ಕರಿಮೆಣಸಿನ ಫಸಲನ್ನು ಗುತ್ತಿಗೆಗೆ ಕೊಡುವಾಗ ನಾವು ಮಾಡುವುದೇನು? ಇಂಥ ತಾರೀಖಿನವರೆಗೆ ಕೊಯ್ಯುವ ಹಕ್ಕು ನಿನ್ನದು, ಆಮೇಲೆ ಇಲ್ಲ ಎನ್ನುತ್ತೇವೆ. ಅವನು ಬಂದು ಬಿಟ್ಟುಕೊಡಬೇಕಾಗಿಲ್ಲ. ತಾರೀಖು ಕಳೆದರೆ ಹಕ್ಕು ತಾನಾಗಿ ಬೀಳುತ್ತದೆ. ಗುತ್ತಿಗೆ ಫೈಲೂ ಹಾಗೆಯೇ. ಅದರಲ್ಲಿ ಒಂದೇ ಸಾಲು: ಯಾರದ್ದು, ಎಲ್ಲಿಯವರೆಗೆ, ಎಷ್ಟನೆಯ ಗುತ್ತಿಗೆ. ಸತ್ತವನ ಬೀಗವನ್ನು ತೆಗೆಯುವವರು ಇಲ್ಲಿ ಕರ್ನಲ್ ಅಲ್ಲ, ಕಾಲ. 1989ರಲ್ಲಿ ಗ್ರೇ ಮತ್ತು ಚೆರಿಟನ್ ಎಂಬವರು ಫೈಲ್ ಸರ್ವರುಗಳ ಕುರಿತು ಬರೆದ ಪ್ರಬಂಧದಿಂದ ಈ ವಿಚಾರ ಗಣಕ ಪ್ರಪಂಚದಲ್ಲಿ ಬಳಕೆಗೆ ಬಂತು.

ಮೂರನೆಯ ಯಂತ್ರದಲ್ಲಿ ನಾವು ಇಟ್ಟಿರುವ ಸ್ಕ್ರಿಪ್ಟು ಇದು. ಉಳಿದೆರಡು ಯಂತ್ರಗಳು `ssh` ಮೂಲಕ ಇದನ್ನು ಕರೆಯುತ್ತವೆ.

```
#!/bin/sh
cd /srv/lease || exit 2
exec 9>>male.lock
flock -w 5 9 || exit 75
read -r who until num < male.lease || exit 2
now=$(date +%s)
[ "$now" -lt "$until" ] && exit 75
num=$((num + 1))
echo "$1 $((now + 180)) $num" > male.tmp &&
mv male.tmp male.lease && echo "$num"
```

ಶುರುವಿನಲ್ಲಿ `male.lease` ಫೈಲಿನಲ್ಲಿ `none 0 0` ಎಂದು ಕೈಯಿಂದ ಬರೆದಿಡಬೇಕು. ಇದರಲ್ಲಿ ಮೂರು ಸಂಗತಿಗಳನ್ನು ನೋಡಿ. ಗುತ್ತಿಗೆಯ ಫೈಲನ್ನು ಓದಿ, ಅವಧಿ ಮುಗಿದಿದೆಯೇ ಎಂದು ನೋಡಿ, ಹೊಸದು ಬರೆಯುವ ಅಷ್ಟು ಹೊತ್ತು ಮಾತ್ರ ಒಂದು ಸಣ್ಣ `flock` ಇದೆ. ಅದಿಲ್ಲದಿದ್ದರೆ ಇಬ್ಬರೂ ‘ಅವಧಿ ಮುಗಿದಿದೆ’ ಎಂದು ಓದಿ, ಇಬ್ಬರೂ ತಮ್ಮ ಹೆಸರು ಬರೆದು, ಇಬ್ಬರೂ ಗೆದ್ದೆವೆಂದು ತಿಳಿಯುತ್ತಾರೆ. ಎರಡನೆಯದಾಗಿ, ಬೀಗ ಹಾಕಿರುವುದು `male.lock`ಗೆ, ಗುತ್ತಿಗೆ ಇರುವ `male.lease`ಗೆ ಅಲ್ಲ. ಅರ್ಧ ಬರೆದ ಸಾಲು ಯಾರ ಕಣ್ಣಿಗೂ ಬೀಳದಿರಲೆಂದು `mv`ನಿಂದ ಫೈಲನ್ನು ಬದಲಿಸುತ್ತಿದ್ದೇವೆ; ಬದಲಾಗುವ ಫೈಲಿಗೇ ಬೀಗ ಹಾಕಿದರೆ ಆಗಲೇ ಹೇಳಿದ ಎರಡು ಬಾಗಿಲಿನ ಕಥೆ ಮತ್ತೆ ಶುರುವಾಗುತ್ತದೆ. ಮೂರನೆಯದಾಗಿ, `date` ನಡೆಯುವುದು ಈ ಮೂರನೆಯ ಯಂತ್ರದಲ್ಲಿ. ಮಡಿಕೇರಿಯ ಗಡಿಯಾರ ಎರಡು ನಿಮಿಷ ಮುಂದಿದ್ದರೂ, ಕುಶಾಲನಗರದ್ದು ಹಿಂದಿದ್ದರೂ ಅವಧಿ ಮುಗಿಯಿತೇ ಎಂದು ತೀರ್ಮಾನಿಸುವ ಗಡಿಯಾರ ಒಂದೇ.

ಅವಧಿ 180 ಸೆಕೆಂಡು. ಕೆಲಸ ಅದಕ್ಕಿಂತ ಉದ್ದವಾಗಬಹುದು, ಆದ್ದರಿಂದ ಹಿಡಿದವನು 60 ಸೆಕೆಂಡಿಗೊಮ್ಮೆ ಇದೇ ರೀತಿಯ ಇನ್ನೊಂದು ಸ್ಕ್ರಿಪ್ಟಿನಿಂದ, ತನ್ನ ಹೆಸರೂ ಸಂಖ್ಯೆಯೂ ಇನ್ನೂ ಅಲ್ಲೇ ಇದ್ದರೆ ಮಾತ್ರ, ಅವಧಿಯನ್ನು ಮುಂದಕ್ಕೆ ತಳ್ಳಬೇಕು. ಸಂಪರ್ಕ ಕೆಟ್ಟು ಒಂದು ಸಲ ತಪ್ಪಿದರೂ ಗುತ್ತಿಗೆ ಉಳಿಯುತ್ತದೆ. ನವೀಕರಣ ಸಿಗದೆ ಅವಧಿ ಹತ್ತಿರ ಬಂದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕು. ಅವಧಿಯನ್ನು ಒಂದು ಗಂಟೆ ಇಟ್ಟರೆ ನವೀಕರಣದ ತಲೆನೋವು ಇರುವುದಿಲ್ಲ ನಿಜ, ಆದರೆ ಹಿಡಿದವನು ಸತ್ತಾಗ ಇನ್ನೊಬ್ಬನು ಒಂದು ಗಂಟೆ ಸುಮ್ಮನೆ ಕೂರಬೇಕಾಗುತ್ತದೆ.

ಇಷ್ಟು ಮಾಡಿದ ಮೇಲೂ ಎರಡು ಓಟಗಳು ಒಂದರ ಮೇಲೊಂದು ಬೀಳಲು ಸಾಧ್ಯ. ನಂಬಲಾಗದಿದ್ದರೆ ಸೆಪ್ಟೆಂಬರಿನ ಒಂದು ದಿನದ ಲಾಗಿನ ಸಮಯಗಳನ್ನು ಹೇಳುತ್ತೇನೆ. 6:10:00ಕ್ಕೆ ಮಡಿಕೇರಿ 418ನೆಯ ಗುತ್ತಿಗೆ ಪಡೆಯಿತು. 6:11:00ಕ್ಕೆ ನವೀಕರಿಸಿತು, ಅವಧಿ 6:14:00ರವರೆಗೆ ಆಯಿತು. 6:11:40ಕ್ಕೆ ಆ ಯಂತ್ರದ ಬ್ಯಾಕಪ್ ಶುರುವಾಯಿತು. ಅದು ವರ್ಚುವಲ್ ಯಂತ್ರವಾದ್ದರಿಂದ ಬ್ಯಾಕಪ್ ಅದನ್ನು ಇದ್ದಲ್ಲೇ ಹೆಪ್ಪುಗಟ್ಟಿಸಿ, ನಾಲ್ಕು ನಿಮಿಷಗಳಿಗೂ ಹೆಚ್ಚು ಹೊತ್ತು ಹಿಡಿದಿಟ್ಟಿತು. 6:20ರವರೆಗೆ ಕಾಯದೆ ನಿಮಿಷಕ್ಕೊಮ್ಮೆ ಗುತ್ತಿಗೆ ಕೇಳುವಂತೆ ಇಟ್ಟಿದ್ದ ಕುಶಾಲನಗರದ ಯಂತ್ರ 6:14:05ಕ್ಕೆ 419ನೆಯ ಗುತ್ತಿಗೆ ಪಡೆದು, ನ್ಯಾಯವಾಗಿಯೇ, ಕೂಡಿಸಲು ಶುರುಮಾಡಿತು. 6:16ಕ್ಕೆ ಮಡಿಕೇರಿಯ ಯಂತ್ರ ಎಚ್ಚರವಾಯಿತು. ಅದಕ್ಕೆ ತಾನು ನಿದ್ದೆ ಮಾಡಿದ್ದೇ ಗೊತ್ತಿಲ್ಲ. 27ನೆಯ ತೋಟದ ಚೀಟಿ ಕೈಯಲ್ಲಿತ್ತು, ಮುಂದಿನ ಸಾಲು ಕೂಡಿಸುವ ಸಾಲಾಗಿತ್ತು, ಕೂಡಿಸಿತು.

ಪ್ರತಿ ಬರಹಕ್ಕೂ ಮುಂಚೆ ಗುತ್ತಿಗೆ ಇನ್ನೂ ತನ್ನದೇ ಎಂದು ನೋಡಲಿ ಎಂದರೆ? ನೋಡಿದ ಮೇಲೆ, ಬರೆಯುವ ಮುನ್ನ ಹೆಪ್ಪುಗಟ್ಟಿದರೆ ಏನು ಮಾಡುವುದು? ಸಂದು ಕಿರಿದಾಗುತ್ತದೆ, ಮುಚ್ಚುವುದಿಲ್ಲ. ತನ್ನ ಹಕ್ಕು ಬಿದ್ದುಹೋಗಿದೆ ಎಂದು ಹಕ್ಕು ಕಳೆದುಕೊಂಡವನೇ ಹೇಳಬೇಕು ಎಂದು ಅಪೇಕ್ಷಿಸುವುದರಲ್ಲಿಯೇ ತಪ್ಪಿದೆ. ಹೇಳಬೇಕಾದದ್ದು ಕಣದ ಬಾಗಿಲಲ್ಲಿ ನಿಂತವನು. ಗುತ್ತಿಗೆಗೆ ಏರುತ್ತಲೇ ಹೋಗುವ ಸಂಖ್ಯೆ ಕೊಟ್ಟಿರುವುದು ಇದಕ್ಕಾಗಿ. ಬರೆಯುವವನು ತನ್ನ ಸಂಖ್ಯೆಯನ್ನು ತೋರಿಸಬೇಕು. ಅದಕ್ಕಿಂತ ದೊಡ್ಡ ಸಂಖ್ಯೆಯನ್ನು ಆಗಲೇ ಕಂಡಿದ್ದರೆ ಡೇಟಾಬೇಸು ನಿರಾಕರಿಸಬೇಕು.

```
UPDATE totals
   SET cents = cents + 240, last_num = 418
 WHERE estate = 27 AND last_num <= 418;
```

ಕುಶಾಲನಗರವು 27ನೆಯ ತೋಟಕ್ಕೆ ಬರೆದಾಗ `last_num` 419 ಆಗಿರುತ್ತದೆ. 418 ಹಿಡಿದು ಬಂದವನ ಬರಹ ಯಾವ ಸಾಲನ್ನೂ ಮುಟ್ಟದೆ ಸೊನ್ನೆ ಎಂದು ಹಿಂದಿರುಗುತ್ತದೆ. ಸೊನ್ನೆ ಕಂಡ ಸ್ಕ್ರಿಪ್ಟು ಅಲ್ಲಿಗೇ ನಿಲ್ಲಬೇಕು. ಈ ಸಾಲಿಗೂ ಒಂದು ಮಿತಿ ಇದೆ, ಮುಚ್ಚಿಡುವುದಿಲ್ಲ: ಮಡಿಕೇರಿ ಮೊದಲೇ ಕೂಡಿಸಿ ಹೆಪ್ಪುಗಟ್ಟಿದ್ದರೆ, ಚೀಟಿ ಇನ್ನೂ ಫೋಲ್ಡರಿನಲ್ಲೇ ಇರುವುದರಿಂದ, 419 ಹಿಡಿದ ಕುಶಾಲನಗರ ಅದನ್ನೇ ಮತ್ತೆ ಕೂಡಿಸುತ್ತದೆ, ಡೇಟಾಬೇಸೂ ಒಪ್ಪುತ್ತದೆ. ಸಂಖ್ಯೆ ತಡೆಯುವುದು ತಡವಾಗಿ ಬಂದ ಹಳಬನನ್ನು ಮಾತ್ರ. ಒಮ್ಮೆ ಆದ ಕೆಲಸ ಮತ್ತೆ ಆಗದಂತೆ ತಡೆಯುವುದಿಲ್ಲ.

ಅದಕ್ಕೆ ನಾವು ಕೊನೆಗೆ ಮಾಡಿದ್ದು ಬಹಳ ಸರಳವಾದದ್ದು, ನಿಜ ಹೇಳಬೇಕೆಂದರೆ ಮೊದಲೇ ಮಾಡಬೇಕಾಗಿದ್ದದ್ದು. ಒಟ್ಟು ಮೊತ್ತಕ್ಕೆ ಕೂಡಿಸುವುದನ್ನೇ ಬಿಟ್ಟೆವು. ಪ್ರತಿ ಅಳತೆಯನ್ನೂ ತೋಟ ಮತ್ತು ಅಳೆದ ಸಮಯ ಎಂಬ ಜೋಡಿ ಕೀಲಿಯ ಅಡಿ ಒಂದೊಂದು ಸಾಲಾಗಿ ಇಡುತ್ತೇವೆ. ಅದೇ ಚೀಟಿ ಎರಡನೆಯ ಸಲ ಬಂದರೆ ಡೇಟಾಬೇಸು ಅದನ್ನು ಸೇರಿಸಿಕೊಳ್ಳುವುದಿಲ್ಲ. ಒಟ್ಟು ಬೇಕಾದಾಗ ಸಾಲುಗಳನ್ನು ಕೂಡಿ ತೋರಿಸುತ್ತೇವೆ. ಮಳೆಯ ಲೆಕ್ಕಕ್ಕೆ ಈಗ ಎರಡು ಓಟಗಳು ಒಟ್ಟಿಗೆ ಓಡಿದರೂ ಹಾನಿಯಿಲ್ಲ, ಬೀಗವು ವ್ಯರ್ಥ ದುಡಿಮೆಯನ್ನು ಉಳಿಸಲು ಮಾತ್ರ ಇದೆ. ನಿಮ್ಮ ಕೆಲಸವನ್ನು ಹೀಗೆ ತಿರುಗಿಸಿ ಬರೆಯಲು ಆಗುವುದಾದರೆ ಗುತ್ತಿಗೆ ಫೈಲಿನ ಗೊಡವೆಗೆ ಹೋಗುವ ಮುನ್ನ ಅದನ್ನು ಮಾಡಿ ಎಂಬುದು ನನ್ನ ಅಭಿಪ್ರಾಯ.

ಹಾಗೆ ತಿರುಗಿಸಲಾಗದೆ ಉಳಿದದ್ದು ಎಸ್ಎಂಎಸ್. ಕಳುಹಿಸಿದ ಸಂದೇಶವನ್ನು ಹಿಂದಕ್ಕೆ ಕರೆಯಲಾಗದು, ಎಸ್ಎಂಎಸ್ ಕಂಪನಿಯ ಸರ್ವರು ನಮ್ಮ 418, 419ನ್ನು ಕೇಳುವುದೂ ಇಲ್ಲ. ಕಳುಹಿಸುವ ಮೊದಲು ‘ಕಳುಹಿಸುತ್ತಿದ್ದೇನೆ’ ಎಂದು ಡೇಟಾಬೇಸಿನಲ್ಲಿ ಗುರುತು ಹಾಕಿ, ಕಳುಹಿಸಿ, ಆಮೇಲೆ ‘ಹೋಯಿತು’ ಎಂದು ಬದಲಿಸುತ್ತೇವೆ. ಗುರುತು ಹಾಕಿದ ಮೇಲೆ ಯಂತ್ರ ಸತ್ತರೆ ಆ ಸಂದೇಶ ಹೋಯಿತೋ ಇಲ್ಲವೋ ಯಾರಿಗೂ ತಿಳಿಯದು. ಮತ್ತೆ ಕಳುಹಿಸಿದರೆ ಎರಡಾಗಬಹುದು, ಬಿಟ್ಟರೆ ಒಂದೂ ಇಲ್ಲದಾಗಬಹುದು. ಇದನ್ನು ಯಾವ ಬೀಗವೂ ತೀರ್ಮಾನಿಸುವುದಿಲ್ಲ, ಸಂದೇಶದಲ್ಲಿ ಏನಿದೆ ಎಂಬುದನ್ನು ನೋಡಿ ನಾವೇ ತೀರ್ಮಾನಿಸಬೇಕು. ಭಾರಿ ಮಳೆಯ ಎಚ್ಚರಿಕೆಯಾದರೆ ಮತ್ತೆ ಕಳುಹಿಸುತ್ತೇವೆ. ಬೆಳಗಿನ ದಿನಲೆಕ್ಕದ ಸಂದೇಶವಾದರೆ ಕಳುಹಿಸುವುದಿಲ್ಲ. ‘ಕಳುಹಿಸುತ್ತಿದ್ದೇನೆ’ ಎಂದೇ ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ನಿಂತ ಸಾಲುಗಳ ಪಟ್ಟಿ ಎಂಟು ಗಂಟೆಗೆ ಕಚೇರಿಯ ಪ್ರಿಂಟರಿನಲ್ಲಿ ಬರುತ್ತದೆ, ನಮ್ಮ ಗುಮಾಸ್ತರು ಅದನ್ನು ಹಿಡಿದು ಆ ತೋಟಗಳ ರೈಟರಿಗೆ ಫೋನ್ ಮಾಡಿ ಇಂಚು ಸೆಂಟು ಹೇಳುತ್ತಾರೆ.